ಲಗ್ನದ ಫೋಟೋಗ್ರಫಿಗೆ ಮೂರು ಹಂತದ ಪ್ಯಾಕೇಜ್: ನಡುವಿನದು ಆಯ್ಕೆಯಾಗುವಂತೆ ದರಪಟ್ಟಿ ಕಟ್ಟುವ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಕಲಬುರಗಿ, ಬೀದರ್ ಮತ್ತು ಯಾದಗಿರಿಯಲ್ಲಿ ಸ್ವಂತವಾಗಿ ಲಗ್ನದ ಆರ್ಡರ್ ಹಿಡಿಯುವ ಫೋಟೋಗ್ರಾಫರ್‌ಗಳು ದರದ ವಿಷಯದಲ್ಲಿ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟುಗೂಡಿಸಿದೆ. ಸ್ಟುಡಿಯೊ ಇರಲಿ, ಇಲ್ಲದಿರಲಿ, ತಾವೇ ಕ್ಯಾಮೆರಾ ಹಿಡಿದು, ಬೇಕಾದಾಗ ಮಾತ್ರ ದಿನಗೂಲಿಯ ಮೇಲೆ ಇತರರನ್ನು ಕರೆದೊಯ್ಯುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಉತ್ತರಗಳನ್ನು ಬರೆದಿದೆ. ಉದಾಹರಣೆಯಲ್ಲಿರುವ ಮೊತ್ತಗಳು ಲೆಕ್ಕ ತಿಳಿಸುವುದಕ್ಕೆ ಇಟ್ಟವು. ಅವುಗಳ ಜಾಗದಲ್ಲಿ ನಿಮ್ಮ ಊರಿನ ಕೂಲಿ ಮತ್ತು ನಿಮ್ಮ ಲ್ಯಾಬಿನ ದರವನ್ನು ಹಾಕಿಕೊಳ್ಳಬೇಕು.

ಒಂದೇ ದರ ಹೇಳುವ ಬದಲು ಮೂರು ಪ್ಯಾಕೇಜ್ ಏಕೆ ಇಡಬೇಕು?

ಒಂದೇ ದರ ಹೇಳಿದಾಗ ಗ್ರಾಹಕರ ಮುಂದೆ ಉಳಿಯುವ ಪ್ರಶ್ನೆ ನಿಮಗೆ ಕೆಲಸ ಕೊಡಬೇಕೇ ಬೇಡವೇ ಎಂಬುದಷ್ಟೇ. ಆ ದರವನ್ನು ಹೋಲಿಸಿ ನೋಡಲು ಅವರಿಗೆ ಸಿಗುವುದು ಪಕ್ಕದ ಓಣಿಯ ಇನ್ನೊಬ್ಬ ಫೋಟೋಗ್ರಾಫರ್ ಹೇಳಿದ ದರ ಮಾತ್ರ. ಮೂರು ಪ್ಯಾಕೇಜ್‌ಗಳನ್ನು ಒಟ್ಟಿಗೆ ಇಟ್ಟಾಗ ಹೋಲಿಕೆ ನಿಮ್ಮದೇ ಪಟ್ಟಿಯೊಳಗೆ ನಡೆಯುತ್ತದೆ, ಮತ್ತು ಮಾತು ‘ಎಷ್ಟು ಕಡಿಮೆ ಮಾಡುತ್ತೀರಿ’ ಎನ್ನುವುದರಿಂದ ‘ನಮಗೆ ಯಾವುದು ಸಾಕು’ ಎನ್ನುವುದರ ಕಡೆಗೆ ತಿರುಗುತ್ತದೆ.

ಜನ ನಿಜವಾಗಿಯೂ ನಡುವಿನದನ್ನೇ ಆರಿಸುತ್ತಾರೆಯೇ?

ಹಲವು ಬಾರಿ ಹೌದು, ಮತ್ತು ಇದನ್ನು ಪರೀಕ್ಷಿಸಿ ನೋಡಿದ್ದಾರೆ. ಇಟಮಾರ್ ಸೈಮನ್‌ಸನ್ ಮತ್ತು ಏಮಸ್ ಟ್ವೆರ್‌ಸ್ಕಿ 1992ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಆಯ್ಕೆಗೆ ಇಟ್ಟಿದ್ದ ವಸ್ತುವೂ ಕ್ಯಾಮೆರಾವೇ ಆಗಿತ್ತು. ಸುಮಾರು 170 ಡಾಲರ್ ಮತ್ತು 240 ಡಾಲರ್ ಬೆಲೆಯ ಎರಡು ಮಿನೋಲ್ಟಾ ಕ್ಯಾಮೆರಾಗಳನ್ನು ಮಾತ್ರ ತೋರಿಸಿದಾಗ ಜನ ಅರ್ಧಕ್ಕರ್ಧ ಹಂಚಿಹೋದರು. ಸುಮಾರು 470 ಡಾಲರ್‌ನ ಮೂರನೆಯ ಕ್ಯಾಮೆರಾವನ್ನು ಸೇರಿಸಿ ಇನ್ನೊಂದು ಗುಂಪಿಗೆ ತೋರಿಸಿದಾಗ 240 ಡಾಲರ್‌ನದನ್ನು ಆರಿಸಿದವರು ನೂರಕ್ಕೆ 57 ಮಂದಿಯಾದರು. ಉಳಿದವರು ಎರಡೂ ತುದಿಗಳಿಗೆ ಹೆಚ್ಚುಕಡಿಮೆ ಸಮನಾಗಿ ಹಂಚಿಹೋದರು. ಆ ನಡುವಿನ ಕ್ಯಾಮೆರಾ ಬದಲಾಗಿರಲಿಲ್ಲ. ಅದರ ಮೇಲೊಂದು ಆಯ್ಕೆ ಬಂದಿತ್ತು ಅಷ್ಟೆ.

ಕಾರಣ ಸರಳವಾಗಿದೆ. ಲಗ್ನದ ಫೋಟೋ ತೆಗೆಸುವ ಕೆಲಸವನ್ನು ಒಂದು ಮನೆತನ ಹಲವು ವರ್ಷಗಳಿಗೊಮ್ಮೆ ಮಾಡುತ್ತದೆ. ಇಂಥ ಕೆಲಸಕ್ಕೆ ಎಷ್ಟು ಕೊಡುವುದು ಸರಿ ಎಂಬ ಅಂದಾಜು ಅವರಿಗೆ ಇರುವುದಿಲ್ಲ. ಕಡಿಮೆಯದನ್ನು ಹಿಡಿದರೆ ಬೀಗರ ಮುಂದೆ ಕಡಿಮೆಯಾಗುತ್ತದೆ ಎಂಬ ಅಳುಕು ಒಂದು ಕಡೆ, ಹೆಚ್ಚಿನದನ್ನು ಹಿಡಿದರೆ ದುಂದಾಗುತ್ತದೆ ಎಂಬ ಅಳುಕು ಇನ್ನೊಂದು ಕಡೆ ಇರುವಾಗ, ಮನೆಯ ಹಿರಿಯರಿಗೆ ಸಮರ್ಥಿಸಿ ಹೇಳಲು ಸುಲಭವಾದದ್ದು ನಡುವಿನ ಆಯ್ಕೆಯೇ.

ಆದರೆ ಇದಕ್ಕೆ ಮಿತಿ ಇದೆ. ತನಗೆ ಏನು ಬೇಕೆಂದು ಮೊದಲೇ ಗಟ್ಟಿ ಮಾಡಿಕೊಂಡು ಬಂದವರ ಮೇಲೆ ನಡುವಿನ ಸ್ಥಾನದ ಪ್ರಭಾವ ಕಡಿಮೆ. ‘ಅಕ್ಕಿಕಾಳು ಬೀಳುವ ಹೊತ್ತಿಗೆ ಬಂದು ಹೋದರೆ ಸಾಕು’ ಎನ್ನುವವರಿಗೆ ಮೂರು ಪ್ಯಾಕೇಜ್ ವಿವರಿಸುತ್ತ ಕೂಡುವುದರಲ್ಲಿ ಅರ್ಥವಿಲ್ಲ.

ಮೂರರಲ್ಲಿ ಯಾವುದನ್ನು ಮೊದಲು ಕಟ್ಟಬೇಕು?

ನಡುವಿನದನ್ನು. ಬಹಳ ಜನ ಕೆಳಗಿನಿಂದ ಶುರು ಮಾಡಿ, ಮೇಲೆ ಹೋದಂತೆ ಒಂದೊಂದು ಸಾಮಾನು ಸೇರಿಸುತ್ತಾ ಹೋಗುತ್ತಾರೆ. ಹಾಗೆ ಮಾಡಿದರೆ ನಡುವಿನ ಪ್ಯಾಕೇಜ್ ಯಾರಿಗೂ ಪೂರ್ತಿ ಹೊಂದದ ಒಂದು ಮಿಶ್ರಣವಾಗುತ್ತದೆ. ಇದಕ್ಕೆ ಬದಲಾಗಿ, ನಿಮ್ಮ ಹಿಂದಿನ ಆರ್ಡರ್‌ಗಳನ್ನು ಹರಡಿಕೊಂಡು, ಲಗ್ನ ಮುಗಿದ ಮೇಲೆ ಮನೆಯವರು ಯಾವುದನ್ನು ಕೇಳಿದರು, ಯಾವ ಫೋಟೋ ಇಲ್ಲವೆಂದು ನೊಂದುಕೊಂಡರು ಎಂಬುದನ್ನು ನೋಡಬೇಕು. ನಮ್ಮ ಭಾಗದಲ್ಲಿ ಆ ಉತ್ತರ ಹೆಚ್ಚಾಗಿ ಅರಿಶಿಣದ ದಿನ ಮತ್ತು ಸುರಗಿಯ ಸುತ್ತ ಇರುತ್ತದೆ. ನಾಲ್ಕು ಮೂಲೆಗೆ ತಂಬಿಗೆ ಇಟ್ಟು ದಾರ ಸುತ್ತಿ, ನಡುವೆ ಕೂಡಿಸಿ ನೀರೆರೆಯುವಾಗ ಅಜ್ಜಿ, ಸೋದರತ್ತೆ, ಅಕ್ಕತಂಗಿಯರ ಮುಖದಲ್ಲಿ ಕಾಣುವ ನಗು ಮರುದಿನ ಮಂಟಪದ ಸಾಲಿನಲ್ಲಿ ನಿಂತ ಫೋಟೋದಲ್ಲಿ ಸಿಗುವುದಿಲ್ಲ. ಮಂಟಪದ ದಿನದ ಕೆಲಸವನ್ನಷ್ಟೇ ಕೊಟ್ಟವರು ಆಲ್ಬಮ್ ನೋಡುವಾಗ ಹುಡುಕುವುದು ಇದನ್ನೇ.

ಆದ್ದರಿಂದ ಅರಿಶಿಣದ ದಿನ ಮತ್ತು ಲಗ್ನದ ದಿನ, ಸಹಜ ಕ್ಷಣಗಳನ್ನು ಹಿಡಿಯುವ ಕ್ಯಾಂಡಿಡ್, ಜೊತೆಗೆ ಸಾಲಿನಲ್ಲಿ ನಿಲ್ಲಿಸಿ ತೆಗೆಯುವ ಟ್ರೆಡಿಷನಲ್, ವಿಡಿಯೊ, ಒಂದು ಒಳ್ಳೆಯ ಆಲ್ಬಮ್, ಇಷ್ಟು ನಡುವಿನದಾಗಲಿ. ಇದರಿಂದ ಒಂದು ದಿನವನ್ನೂ ಕ್ಯಾಂಡಿಡ್ ಅನ್ನೂ ತೆಗೆದರೆ ಕೆಳಗಿನದು ಸಿಗುತ್ತದೆ. ಪ್ರಿ-ವೆಡ್ಡಿಂಗ್, ಆರತಕ್ಷತೆ ಮತ್ತು ಬೀಗರಿಗೊಂದು ಆಲ್ಬಮ್ ಸೇರಿಸಿದರೆ ಮೇಲಿನದು ಸಿಗುತ್ತದೆ.

ದರವನ್ನು ಹೇಗೆ ನಿಗದಿ ಮಾಡಬೇಕು? ಒಂದು ಉದಾಹರಣೆಯ ಲೆಕ್ಕ ಕೊಡುತ್ತೀರಾ?

ದರ ಬರೆಯುವ ಮೊದಲು ಪ್ರತಿ ಪ್ಯಾಕೇಜಿನಲ್ಲಿ ಕೈಬಿಟ್ಟು ಹೋಗುವ ಹಣವನ್ನೂ ನಿಮ್ಮ ಸ್ವಂತ ದಿನಗಳನ್ನೂ ಬೇರೆ ಬೇರೆ ಬರೆದುಕೊಳ್ಳಿ. ಕಲಬುರಗಿಯ ಒಬ್ಬ ಫೋಟೋಗ್ರಾಫರ್ ಕೆಳಗಿನ ಪ್ಯಾಕೇಜಿಗೆ 35,000 ರೂಪಾಯಿ ಇಟ್ಟಿದ್ದಾರೆ ಎಂದುಕೊಳ್ಳೋಣ. ಅದರಲ್ಲಿ ವಿಡಿಯೊದವರ ಒಂದು ದಿನದ ಕೂಲಿ 5,000, ಆಲ್ಬಮ್ 6,000, ವಿಡಿಯೊ ಎಡಿಟಿಂಗ್ 4,000, ಗಾಡಿ ಮತ್ತು ಊಟ 1,500, ಒಟ್ಟು 16,500 ಹೊರಗೆ ಹೋಗುತ್ತದೆ. ಉಳಿಯುವುದು 18,500. ಕ್ಯಾಮೆರಾ ಹಿಡಿದು ಒಂದು ದಿನ, ಫೋಟೋ ಆರಿಸಿ ತಿದ್ದಿ ಆಲ್ಬಮ್ ವಿನ್ಯಾಸ ಮಾಡಲು ಮೂರು ದಿನ, ಹೀಗೆ ಅವರ ನಾಲ್ಕು ದಿನ ಹೋದವು. ದಿನಕ್ಕೆ ಸುಮಾರು 4,600 ಬಿತ್ತು.

ನಡುವಿನ ಪ್ಯಾಕೇಜಿಗೆ ಅವರು ಮೊದಲು 58,000 ಎಂದು ಬರೆದರು. ಟ್ರೆಡಿಷನಲ್ ತೆಗೆಯುವ ಜೊತೆಗಾರನಿಗೆ ಎರಡು ದಿನಕ್ಕೆ 7,000, ವಿಡಿಯೊದವರಿಗೆ ಎರಡು ದಿನಕ್ಕೆ 10,000, ದೊಡ್ಡ ಆಲ್ಬಮ್‌ಗೆ 8,500, ಎಡಿಟಿಂಗ್‌ಗೆ 6,000, ಓಡಾಟಕ್ಕೆ 2,500 ಎಂದು ಕೂಡಿಸಿದರೆ 34,000 ಆಗುತ್ತದೆ. ಉಳಿಯುವುದು 24,000, ಆದರೆ ಶೂಟಿಂಗ್ ಎರಡು ದಿನ, ಕುಳಿತು ಮಾಡುವ ಕೆಲಸ ನಾಲ್ಕು ದಿನ, ಒಟ್ಟು ಆರು ದಿನ. ದಿನಕ್ಕೆ 4,000 ಮಾತ್ರ. ಎಂದರೆ, ಗ್ರಾಹಕರನ್ನು ನಡುವಿನದಕ್ಕೆ ತರಲು ಪಟ್ಟ ಶ್ರಮವೆಲ್ಲ ದಿನದ ಆದಾಯ ಇಳಿಸಿಕೊಳ್ಳುವುದಕ್ಕೆ ಆಯಿತು. ಒಟ್ಟು ಮೊತ್ತ ದೊಡ್ಡದಾಗಿ ಕಾಣುವುದರಿಂದ ಇದು ಸೀಸನ್ ಮುಗಿಯುವವರೆಗೆ ಗಮನಕ್ಕೇ ಬರುವುದಿಲ್ಲ. ದರವನ್ನು 65,000ಕ್ಕೆ ಏರಿಸಿದರೆ 31,000 ಉಳಿಯುತ್ತದೆ, ದಿನಕ್ಕೆ 5,100ಕ್ಕೂ ಹೆಚ್ಚಾಗುತ್ತದೆ. ಈಗ ನಡುವಿನದು ಮಾರುವುದಕ್ಕೆ ಯೋಗ್ಯವಾಯಿತು.

ಮೇಲಿನ ಪ್ಯಾಕೇಜಿನಲ್ಲಿ ಎರಡನೆಯ ಕ್ಯಾಂಡಿಡ್ ಫೋಟೋಗ್ರಾಫರ್, ಮೂರು ದಿನದ ಜೊತೆಗಾರ ಮತ್ತು ವಿಡಿಯೊ, ಡ್ರೋನ್, ಎರಡು ಆಲ್ಬಮ್, ಎಡಿಟಿಂಗ್, ಓಡಾಟ ಸೇರಿ 76,500 ಹೊರಗೆ ಹೋಗುತ್ತದೆ, ಮತ್ತು ಅವರ ಹತ್ತು ದಿನ ಬೇಕಾಗುತ್ತದೆ. 1,10,000ಕ್ಕೆ ಕೊಟ್ಟರೆ ದಿನಕ್ಕೆ 3,350 ಬೀಳುತ್ತದೆ. ಮೂರರಲ್ಲಿ ಅತ್ಯಂತ ದೊಡ್ಡ ಮೊತ್ತ, ಅತ್ಯಂತ ಕಡಿಮೆ ಕೂಲಿ. 1,25,000 ಎಂದಿಟ್ಟರೆ 4,850 ಆಗುತ್ತದೆ. ಈಗ 35,000, 65,000 ಮತ್ತು 1,25,000 ಎಂಬ ಮೂರು ಸಂಖ್ಯೆಗಳನ್ನು ಒಟ್ಟಿಗೆ ನೋಡಿ. ಕೆಳಗಿನಿಂದ ನಡುವಿಗೆ ಬರಲು 30,000, ನಡುವಿನಿಂದ ಮೇಲೆ ಹೋಗಲು 60,000 ಬೇಕು. ಮೊದಲ ಮೆಟ್ಟಿಲು ಗಿಡ್ಡದಾಗಿದ್ದು ಅದರಲ್ಲಿ ಮನೆಯವರಿಗೆ ನೇರವಾಗಿ ಕಾಣುವ ಲಾಭವಿದ್ದು, ಎರಡನೆಯ ಮೆಟ್ಟಿಲು ಎತ್ತರವಾಗಿರುವುದರಿಂದಲೇ ಜನ ನಡುವೆ ನಿಲ್ಲುತ್ತಾರೆ.

ಮೇಲಿನ ಪ್ಯಾಕೇಜನ್ನು ತೋರಿಕೆಗೆ ಮಾತ್ರ ಇಡಬಹುದೇ?

ಇಡಬಾರದು. ಒಂದು ಆಯ್ಕೆ ಚೆನ್ನಾಗಿ ಕಾಣಲೆಂದು ಅದಕ್ಕಿಂತ ಸ್ಪಷ್ಟವಾಗಿ ಕಳಪೆಯಾದ ಇನ್ನೊಂದನ್ನು ಪಕ್ಕಕ್ಕಿಟ್ಟರೆ ಜನರ ಆಯ್ಕೆ ಬದಲಾಗುತ್ತದೆ ಎಂಬುದನ್ನು ಹ್ಯೂಬರ್, ಪೇನ್ ಮತ್ತು ಪ್ಯೂಟೊ 1982ರಲ್ಲೇ ತೋರಿಸಿದ್ದಾರೆ. ಆದರೆ ಇಲ್ಲಿ ನಾವು ಮಾಡುತ್ತಿರುವುದು ಅದಲ್ಲ. ಸಣ್ಣ ಊರುಗಳಲ್ಲಿ ಎಲ್ಲರೂ ಎಲ್ಲರಿಗೂ ಬೇಕಾದವರು. ಯಾರಾದರೂ ಬಂದು ಮೇಲಿನದೇ ಬೇಕೆಂದು ಮುಂಗಡ ಕೊಟ್ಟ ದಿನ ಅದನ್ನು ಪೂರ್ತಿಯಾಗಿ ನಡೆಸಿಕೊಡುವ ಜನ, ಸಾಮಾನು ಮತ್ತು ಸಮಯ ನಿಮ್ಮ ಬಳಿ ಇರಬೇಕು.

ಇದರಲ್ಲಿ ಎರಡು ವಿಷಯಗಳಿಗೆ ವಿಶೇಷ ಎಚ್ಚರಿಕೆ ಬೇಕು. ಬೀದರ್ ಕೋಟೆಯಂಥ ಸಂರಕ್ಷಿತ ಸ್ಮಾರಕದಲ್ಲಿ ಪ್ರಿ-ವೆಡ್ಡಿಂಗ್ ಶೂಟಿಂಗ್ ಎಂದು ಬರೆಯುವ ಮೊದಲು ಪುರಾತತ್ವ ಇಲಾಖೆಯ ಅನುಮತಿಯ ವಿಷಯವನ್ನು ವಿಚಾರಿಸಿ, ಅದರ ಶುಲ್ಕ ಯಾರದು ಎಂಬುದನ್ನು ದರದ ಕಾರ್ಡಿನಲ್ಲೇ ಸ್ಪಷ್ಟಪಡಿಸಬೇಕು. ಡ್ರೋನ್ ವಿಷಯವೂ ಹೀಗೆಯೇ. ಬೀದರ್‌ನಲ್ಲಿ ವಾಯುಪಡೆಯ ನೆಲೆಯಿದೆ, ಕಲಬುರಗಿಯಲ್ಲಿ ವಿಮಾನ ನಿಲ್ದಾಣವಿದೆ. 2021ರ ಡ್ರೋನ್ ನಿಯಮಗಳ ಪ್ರಕಾರ ಎಲ್ಲಿ ಹಾರಿಸಬಹುದು, ಎಲ್ಲಿ ಅನುಮತಿ ಬೇಕು ಎಂಬುದನ್ನು ಡಿಜಿಟಲ್ ಸ್ಕೈ ನಕ್ಷೆಯಲ್ಲಿ ಕಲ್ಯಾಣ ಮಂಟಪದ ಜಾಗ ಹಾಕಿ ನೋಡಿದ ಮೇಲೆಯೇ ಮಾತು ಕೊಡಬೇಕು. ‘ಅನುಮತಿ ಇರುವ ಜಾಗದಲ್ಲಿ ಮಾತ್ರ ಡ್ರೋನ್, ಇಲ್ಲವಾದರೆ ಇಷ್ಟು ಮೊತ್ತ ಕಡಿತ’ ಎಂದು ಬರೆದಿಟ್ಟರೆ ಆಮೇಲೆ ಜಗಳವಿರುವುದಿಲ್ಲ.

ಹೆಚ್ಚಿನವರು ಕೆಳಗಿನದನ್ನೇ ಆರಿಸುತ್ತಿದ್ದಾರೆ. ಎಲ್ಲಿ ತಪ್ಪಾಗಿರಬಹುದು?

ಬಹುತೇಕ ಕೆಳಗಿನ ಪ್ಯಾಕೇಜ್ ತುಂಬಿಹೋಗಿರುತ್ತದೆ. ಪೈಪೋಟಿಗೆ ಹೆದರಿ ಅದರಲ್ಲೇ ಕ್ಯಾಂಡಿಡ್, ಟೀಸರ್, ದೊಡ್ಡ ಆಲ್ಬಮ್ ಎಲ್ಲವನ್ನೂ ಹಾಕಿಟ್ಟರೆ ಮೇಲೆ ಹತ್ತಲು ಯಾವ ಕಾರಣವೂ ಉಳಿಯುವುದಿಲ್ಲ. ಇದನ್ನು ಗುರುತಿಸುವುದು ಸುಲಭ: ಕೆಳಗಿನದಕ್ಕೂ ನಡುವಿನದಕ್ಕೂ ಇರುವ ವ್ಯತ್ಯಾಸವನ್ನು ಒಂದೇ ಮಾತಿನಲ್ಲಿ ಹೇಳಿ ನೋಡಿ. ‘ನಡುವಿನದರಲ್ಲಿ ಅರಿಶಿಣದ ದಿನವೂ ಬರುತ್ತದೆ’ ಎಂದರೆ ಮನೆಯವರಿಗೆ ಕೂಡಲೇ ತಿಳಿಯುತ್ತದೆ. ‘ಆಲ್ಬಮ್ ಹಾಳೆ 25ರ ಬದಲು 35, ತಿದ್ದಿದ ಫೋಟೋ 200ರ ಬದಲು 300’ ಎಂದರೆ ಯಾರ ಮನಸ್ಸಿಗೂ ನಾಟುವುದಿಲ್ಲ. ಕಡಿಮೆಯದೇ ಸಾಕು ಎನ್ನುತ್ತಾರೆ. ಪ್ಯಾಕೇಜ್‌ಗಳ ನಡುವಿನ ಮೆಟ್ಟಿಲು ಒಂದು ದಿನ, ಒಂದು ಶಾಸ್ತ್ರ ಅಥವಾ ಕಣ್ಣಿಗೆ ಕಾಣುವ ಒಂದು ಕೆಲಸವಾಗಿರಬೇಕು ಎಂಬುದು ನನ್ನ ದೃಢ ಅಭಿಪ್ರಾಯ.

ಆದರೆ ಕೆಳಗಿನದನ್ನು ಬರಿದು ಮಾಡುವ ನೆಪದಲ್ಲಿ ಅದರ ಗುಣಮಟ್ಟ ಕೆಡಿಸಬಾರದು. ವ್ಯಾಪ್ತಿ ಕಡಿಮೆಯಿರಲಿ, ಕೆಲಸ ಕಡಿಮೆಯಾಗಬಾರದು. 35,000 ಕೊಟ್ಟವರ ಆಲ್ಬಮ್ ಕೂಡ ಮುಂದಿನ ಹತ್ತು ಮನೆಯವರ ಕೈಗೆ ಹೋಗುತ್ತದೆ, ಅದರ ಹಿಂದೆ ನಿಮ್ಮ ಹೆಸರಿರುತ್ತದೆ. ಫೋಟೋಗಳ ಬ್ಯಾಕಪ್, ಕೊಡುವ ಗಡುವು, ಬಣ್ಣ ತಿದ್ದುವ ಎಚ್ಚರ ಇವು ಮೂರರಲ್ಲೂ ಒಂದೇ ಆಗಿರಬೇಕು.

ಮುಸ್ಲಿಂ ಮನೆತನಗಳ ಲಗ್ನಕ್ಕೂ ಇದೇ ಪಟ್ಟಿ ನಡೆಯುತ್ತದೆಯೇ?

ಚೌಕಟ್ಟು ನಡೆಯುತ್ತದೆ, ಒಳಗಿನ ವಿಷಯ ಬದಲಾಗಬೇಕು. ನಿಕಾಹ್ ಮತ್ತು ವಲೀಮಾ ಹಲವು ಕಡೆ ಬೇರೆ ಬೇರೆ ದಿನ ನಡೆಯುವುದರಿಂದ ಅವೆರಡನ್ನೂ ಸೇರಿಸಿದ ಪ್ಯಾಕೇಜೇ ಸಹಜವಾಗಿ ನಡುವಿನದಾಗುತ್ತದೆ. ಹೆಣ್ಣುಮಕ್ಕಳ ಕಡೆಗೆ ಮಹಿಳಾ ಫೋಟೋಗ್ರಾಫರ್ ಬೇಕೆಂದು ಕೇಳುವ ಮನೆಗಳಿವೆ. ಅಲ್ಲಿ ಅವರನ್ನು ಮೇಲಿನ ಪ್ಯಾಕೇಜಿನಲ್ಲಿ ಮಾತ್ರ ಇಟ್ಟು, ಕೆಳಗಿನವರಿಗೆ ಇಲ್ಲವೆನ್ನುವುದು ಸರಿಯಲ್ಲ. ಅದು ಆ ಮನೆಗೆ ಹೆಚ್ಚುವರಿ ಸೌಲಭ್ಯವಲ್ಲ, ಅದಿಲ್ಲದೆ ಕೆಲಸವೇ ನಡೆಯುವುದಿಲ್ಲ. ಇಂಥ ಅಗತ್ಯಗಳ ಖರ್ಚನ್ನು ಮೂರೂ ಪ್ಯಾಕೇಜಿನ ದರದಲ್ಲಿ ಸೇರಿಸಿ, ಮೆಟ್ಟಿಲನ್ನು ದಿನಗಳ ಮೇಲೆ ಕಟ್ಟಬೇಕು.

ಕಾರ್ಡನ್ನು ಹೇಗೆ ಬರೆಯಬೇಕು?

ನಿಮ್ಮೊಂದಿಗೆ ಮಾತಾಡುವವರು ಒಬ್ಬರು, ನಿರ್ಧಾರ ಮಾಡುವವರು ಮತ್ತೊಬ್ಬರು. ಮದುಮಗನ ತಮ್ಮನೋ ಸೋದರಮಾವನೋ ಬಂದು ಕೇಳುತ್ತಾರೆ, ಕಾರ್ಡಿನ ಚಿತ್ರ ವಾಟ್ಸಾಪ್‌ನಲ್ಲಿ ಅಫಜಲಪುರದ ದೊಡ್ಡಪ್ಪನಿಗೂ ಪುಣೆಯಲ್ಲಿರುವ ಅಣ್ಣನಿಗೂ ಹೋಗುತ್ತದೆ. ಅಲ್ಲಿ ವಿವರಿಸಲು ನೀವು ಇರುವುದಿಲ್ಲ. ಆದ್ದರಿಂದ ಕಾರ್ಡು ಒಂದೇ ಪುಟದಲ್ಲಿ, ಫೋನಿನಲ್ಲಿ ಹಿಗ್ಗಿಸದೆ ಓದುವಷ್ಟು ದೊಡ್ಡ ಅಕ್ಷರದಲ್ಲಿ ಇರಬೇಕು. ಪ್ರತಿ ಪ್ಯಾಕೇಜಿಗೆ ನಾಲ್ಕೈದು ಸಾಲು ಸಾಕು.

ಹೆಸರಿನಲ್ಲಿ ಸಿಲ್ವರ್, ಗೋಲ್ಡ್, ಪ್ಲಾಟಿನಂ ಎಂದು ಬರೆಯುವ ರೂಢಿ ಇದೆ. ಅದರಿಂದ ಒಳಗೇನಿದೆ ಎಂಬುದು ತಿಳಿಯುವುದಿಲ್ಲ. ಜೊತೆಗೆ ಕೆಳಗಿನದನ್ನು ಆರಿಸಿದವರಿಗೆ ಕೀಳೆನಿಸುತ್ತದೆ. ‘ಲಗ್ನದ ದಿನ’, ‘ಅರಿಶಿಣ ಮತ್ತು ಲಗ್ನ’, ‘ಪ್ರಿ-ವೆಡ್ಡಿಂಗ್‌ನಿಂದ ಆರತಕ್ಷತೆವರೆಗೆ’ ಎಂದು ಬರೆದರೆ ಹೆಸರೇ ವಿವರಣೆಯಾಗುತ್ತದೆ. ನಡುವಿನದಕ್ಕೆ ಸ್ವಲ್ಪ ಅಗಲವಾದ ಅಂಕಣ ಅಥವಾ ಬೇರೆ ಹಿನ್ನೆಲೆ ಬಣ್ಣ ಕೊಡಬಹುದು. ‘ಹೆಚ್ಚು ಜನ ಆರಿಸಿದ್ದು’ ಎಂಬ ಚೀಟಿಯನ್ನು ಮಾತ್ರ ನಿಮ್ಮ ಆರ್ಡರ್ ಪುಸ್ತಕದಲ್ಲಿ ಅದು ನಿಜವಾಗಿದ್ದರೆ ಹಚ್ಚಿ. ಸುಳ್ಳಾದರೆ ಅದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಹೇಳುವ ದಾರಿ ತಪ್ಪಿಸುವ ಜಾಹೀರಾತಿನ ಸಾಲಿಗೆ ಸೇರುತ್ತದೆ. ಮೊದಲ ವರ್ಷ ‘ನಮ್ಮ ಸಲಹೆ’ ಎಂದು ಬರೆಯುವುದು ಪ್ರಾಮಾಣಿಕವಾದದ್ದು.

ನಡುವಿನದನ್ನು ಕೆಳಗಿನ ದರಕ್ಕೆ ಕೊಡಿ ಎಂದು ಚೌಕಾಶಿ ಮಾಡಿದರೆ ಏನು ಮಾಡಬೇಕು?

ನಮ್ಮ ಭಾಗದಲ್ಲಿ ಈ ಮಾತು ಬಾರದೆ ಇರುವುದಿಲ್ಲ, ಅದರಲ್ಲಿ ಅವಮಾನವೇನೂ ಇಲ್ಲ. ಒಂದು ನಿಯಮವನ್ನು ಗಟ್ಟಿಯಾಗಿ ಹಿಡಿಯಿರಿ: ದರ ಇಳಿದರೆ ಅದರೊಂದಿಗೆ ಒಂದು ಕೆಲಸವೂ ಇಳಿಯಬೇಕು. ಮದುಮಗಳ ತಂದೆ ಕಾರ್ಡು ನೋಡಿ ಹೀಗೆ ಕೇಳುತ್ತಾರೆ ಎಂದುಕೊಳ್ಳಿ: “ಇದರಾಗ ಅರಿಶಿಣದ ದಿನಾನೂ ಬಂದದಲ್ರಿ, ಛಲೋ ಅದ. ಆದ್ರ ಅರವತ್ತೈದು ಭಾಳ ಆಯ್ತು, ಐವತ್ತಕ್ಕ ಮಾಡಿಕೊಡ್ರಿ.” ಇದಕ್ಕೆ ಉತ್ತರ: “ಕಾಕಾ, ಅರಿಶಿಣದ ದಿನಕ್ಕ ವಿಡಿಯೊ ಬ್ಯಾಡಂದ್ರ ಅಷ್ಟು ಕಡಿಮಿ ಮಾಡ್ತೀನ್ರಿ, ಫೋಟೋ ಮಾತ್ರ ತಗೀತೀನಿ. ಹಾಂಗ ಮಾಡಿದ್ರ ನಿಮಗ ಅರವತ್ತಕ್ಕ ಬರ್ತದ.” ವಿಡಿಯೊದವರ ಒಂದು ದಿನದ ಕೂಲಿ 5,000 ಉಳಿದದ್ದರಿಂದ ನಿಮ್ಮ ಲೆಕ್ಕ ಕೆಡಲಿಲ್ಲ, ಅವರಿಗೆ ಕಡಿಮೆ ಮಾಡಿಸಿದ ತೃಪ್ತಿಯೂ ಸಿಕ್ಕಿತು. ಏನನ್ನೂ ಇಳಿಸದೆ 10,000 ಬಿಟ್ಟುಕೊಟ್ಟರೆ ನಿಮ್ಮ ಕಾರ್ಡಿನ ಮೂರೂ ಸಂಖ್ಯೆಗಳು ಆ ಬಳಗದಲ್ಲಿ ಸುಳ್ಳಾಗುತ್ತವೆ. ಅವರ ಮುಂದಿನ ಲಗ್ನದ ಮಾತು 55,000ದಿಂದಲೇ ಶುರುವಾಗುತ್ತದೆ.

ಬಿಟ್ಟುಕೊಡಲೇಬೇಕಾದ ಪ್ರಸಂಗ ಬಂದರೆ ಹಣದ ಬದಲು ನಿಮಗೆ ಕಡಿಮೆ ಖರ್ಚಿನ, ಅವರಿಗೆ ಬೆಲೆಯುಳ್ಳ ಒಂದನ್ನು ಸೇರಿಸಿ. ಅಜ್ಜ ಅಜ್ಜಿಯರ ಒಂದು ಫೋಟೋವನ್ನು ದೊಡ್ಡದಾಗಿ ಚೌಕಟ್ಟು ಹಾಕಿಸಿ ಕೊಡುವುದು ಅಂಥದ್ದು.

ಯಾವ ಕ್ರಮದಲ್ಲಿ ತೋರಿಸಬೇಕು?

ಎದುರಿಗೆ ಕೂತು ಹೇಳುವಾಗ ಮೇಲಿನದರಿಂದ ಶುರು ಮಾಡಿ ಕೆಳಗೆ ಬರುವುದನ್ನು ನಾನು ಇಷ್ಟಪಡುತ್ತೇನೆ. ಮೊದಲು ಕೇಳಿದ ದೊಡ್ಡ ಮೊತ್ತ ಮನಸ್ಸಿನಲ್ಲಿ ಅಳತೆಗೋಲಾಗಿ ನಿಲ್ಲುತ್ತದೆ. ಆದರೆ ಹಣದ ಇಕ್ಕಟ್ಟಿನಲ್ಲಿರುವ ಮನೆಯವರು 1,25,000 ಎಂದು ಕೇಳಿದೊಡನೆ ಎದ್ದುಬಿಡುವುದೂ ಉಂಟು. ಅವರ ಬಜೆಟ್ ತಿಳಿದಿದ್ದರೆ ನೇರವಾಗಿ ನಡುವಿನದರಿಂದ ಹೇಳಿ.

ನಮ್ಮ ಪಟ್ಟಿ ಕೆಲಸ ಮಾಡುತ್ತಿದೆ ಎಂದು ಹೇಗೆ ತಿಳಿಯುವುದು?

ಒಂದು ನೋಟ್‌ಬುಕ್ ಸಾಕು. ವಿಚಾರಿಸಿದ ಪ್ರತಿ ಮನೆಯ ಎದುರು ಯಾವ ಪ್ಯಾಕೇಜ್ ಕೇಳಿದರು, ಯಾವುದನ್ನು ಆರಿಸಿದರು, ಕೊನೆಗೆ ಎಷ್ಟಕ್ಕೆ ಮುಗಿಯಿತು, ಬಿಟ್ಟುಹೋದವರು ಯಾವ ಮಾತಿನ ಮೇಲೆ ಬಿಟ್ಟರು ಎಂದು ಬರೆಯಿರಿ. ನಡುವಿನದು ಅರ್ಧಕ್ಕಿಂತ ಹೆಚ್ಚಾಗಿದ್ದು, ಮೇಲಿನದೂ ಆಗಾಗ ಹೋಗುತ್ತಿದ್ದರೆ ಪಟ್ಟಿ ಸರಿಯಿದೆ. ಮೇಲಿನದೇ ಹೆಚ್ಚು ಹೋಗುತ್ತಿದ್ದರೆ ನಿಮ್ಮ ದರ ಒಟ್ಟಾರೆ ಕಡಿಮೆಯಾಗಿದೆ. ನಡುವಿನದನ್ನು ಆರಿಸಿದವರೆಲ್ಲ ಒಂದೇ ವಸ್ತುವನ್ನು ಬೇಡವೆಂದು ತೆಗೆಸುತ್ತಿದ್ದರೆ ಅದು ಅಲ್ಲಿ ಇರಬೇಕಾದದ್ದಲ್ಲ. ಒಂದು ಸೀಸನ್‌ನಲ್ಲಿ ಸಿಗುವ ಆರ್ಡರ್‌ಗಳು ಕಡಿಮೆಯಾದ್ದರಿಂದ ನಾಲ್ಕು ಮನೆಯವರ ಆಯ್ಕೆ ನೋಡಿ ಪಟ್ಟಿ ಬದಲಾಯಿಸಬೇಡಿ, ಮತ್ತು ಬದಲಾಯಿಸುವಾಗ ಒಂದನ್ನು ಮಾತ್ರ ಬದಲಾಯಿಸಿ. ದರವನ್ನೂ ಒಳಗಿನ ಸೇವೆಯನ್ನೂ ಒಟ್ಟಿಗೆ ತಿದ್ದಿದರೆ ಯಾವುದರಿಂದ ಫಲ ಬಂತೆಂದು ತಿಳಿಯುವುದಿಲ್ಲ.

ತೊಟ್ಟಿಲು, ಅಂಗಡಿಯ ಸಾಮಾನಿನ ಫೋಟೋ, ಸಭೆ ಸಮಾರಂಭಗಳಿಗೂ ಮೂರು ಹಂತ ಬೇಕೇ?

ಬೇಡ. ಗಂಟೆಯ ಲೆಕ್ಕ ಅಥವಾ ಫೋಟೋದ ಲೆಕ್ಕದಲ್ಲಿ ಒಂದೇ ದರ ಹೇಳಿ.

ಜಿಎಸ್‌ಟಿ ವಿಷಯ ಕಾರ್ಡಿನಲ್ಲಿ ಬರೆಯಬೇಕೇ?

ಸೇವೆಗಳಿಂದ ಬರುವ ವಾರ್ಷಿಕ ವಹಿವಾಟು 20 ಲಕ್ಷ ರೂಪಾಯಿ ದಾಟದ, ನೋಂದಣಿ ಮಾಡಿಸದ ಫೋಟೋಗ್ರಾಫರ್ ಗ್ರಾಹಕರಿಂದ ಜಿಎಸ್‌ಟಿ ವಸೂಲಿ ಮಾಡುವಂತಿಲ್ಲ. ಅವರ ಕಾರ್ಡಿನಲ್ಲಿ ಆ ಮಾತೇ ಬೇಡ. ನೋಂದಣಿ ಇದ್ದು ಶೇ 18ರಷ್ಟು ತೆರಿಗೆ ಹಾಕುವವರು ಅದನ್ನು ಸೇರಿಸಿದ ಮೊತ್ತವನ್ನೇ ದೊಡ್ಡದಾಗಿ ಬರೆಯಬೇಕು. 65,000 ಎಂದು ಒಪ್ಪಿಕೊಂಡು ಹೋದವರಿಗೆ ಬಿಲ್ಲಿನಲ್ಲಿ 76,700 ಕಂಡರೆ ನಡುವಿನ ಪ್ಯಾಕೇಜಿನ ಮೇಲಿದ್ದ ವಿಶ್ವಾಸ ಅಲ್ಲಿಗೇ ಹೋಗುತ್ತದೆ, ಮತ್ತು ಉಳಿದ ಹಣಕ್ಕಾಗಿ ನೀವು ಆಲ್ಬಮ್ ಇಟ್ಟುಕೊಂಡು ತಿಂಗಳುಗಟ್ಟಲೆ ಕಾಯಬೇಕಾಗುತ್ತದೆ.